ಥೀಸಿಸ್ ಪುಸ್ತಕವಾಗಬೇಕಾದರೆ: ಪ್ರಕಾಶಕರಿಗೆ ಕಳಿಸುವ ಪ್ರಪೋಸಲ್ ತಿದ್ದುವ ಬಗೆ

ಪಿಎಚ್.ಡಿ. ಮುಗಿದ ಮೇಲೆ ಪ್ರಬಂಧವನ್ನು ಪುಸ್ತಕ ಮಾಡಬೇಕೆಂದು ಇಂಗ್ಲಿಷಿನ ಅಕಡೆಮಿಕ್ ಪ್ರೆಸ್‌ಗಳಿಗೆ ಪ್ರಪೋಸಲ್ ಕಳಿಸಿದವರಿಗೆ ಮತ್ತೆ ಮತ್ತೆ ಬರುವ ಉತ್ತರ ಒಂದಿದೆ: ವಿಷಯ ಚೆನ್ನಾಗಿದೆ, ಆದರೆ ಇದು ಇನ್ನೂ ಥೀಸಿಸ್ ಆಗಿಯೇ ಇದೆ. ಇದನ್ನು ಓದಿದವರು ಸಾಮಾನ್ಯವಾಗಿ ಭಾಷೆ ತಿದ್ದಲು ಕೂರುತ್ತಾರೆ. ಉದ್ದ ವಾಕ್ಯಗಳನ್ನು ತುಂಡು ಮಾಡುತ್ತಾರೆ, ಅಡಿಟಿಪ್ಪಣಿ ಕಡಿಮೆ ಮಾಡುತ್ತಾರೆ, ಶೀರ್ಷಿಕೆ ಬದಲಿಸಿ ಇನ್ನೊಂದು ಪ್ರೆಸ್‌ಗೆ ಕಳಿಸುತ್ತಾರೆ. ಅಲ್ಲಿಂದಲೂ ಅದೇ ಉತ್ತರ ಬರುತ್ತದೆ. ಏಕೆಂದರೆ ತೊಡಕು ಭಾಷೆಯಲ್ಲಿಲ್ಲ. ಪ್ರಪೋಸಲ್‌ನಲ್ಲಿ ವಾದ ಒಂದು ಕಡೆ, ಓದುಗರು ಇನ್ನೊಂದು ಕಡೆ, ಅಧ್ಯಾಯಗಳ ಪಟ್ಟಿ ಮತ್ತೊಂದು ಕಡೆ ಬಿದ್ದಿರುತ್ತವೆ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವುದೇ ತಿದ್ದುವ ಕೆಲಸ.

ಮೊದಲು ಇದನ್ನು ಯಾರು ಓದುತ್ತಾರೆ ಎಂಬುದು ಗೊತ್ತಿರಬೇಕು. ಪ್ರಪೋಸಲ್ ಮೊದಲು ಹೋಗುವುದು ನಿಮ್ಮ ವಿಷಯದ ಪುಸ್ತಕಗಳನ್ನು ಆರಿಸುವ ಎಡಿಟರ್ ಕೈಗೆ. ಅವರಿಗೆ ಹಿಡಿಸಿದರೆ ಅದು ಸಾಮಾನ್ಯವಾಗಿ ಇಬ್ಬರು ವಿಷಯತಜ್ಞರ ವಿಮರ್ಶೆಗೆ ಹೋಗುತ್ತದೆ. ವಿಮರ್ಶೆ ಬಂದ ಮೇಲೆ ಎಡಿಟರ್ ಅದನ್ನು ಪ್ರೆಸ್‌ನ ಸಮಿತಿಯ ಮುಂದಿಡುತ್ತಾರೆ. ಕೇಂಬ್ರಿಡ್ಜ್‌ನಲ್ಲಿ ಆ ಸಮಿತಿಗೆ ಸಿಂಡಿಕೇಟ್ ಎಂದು ಹೆಸರು, ಆಕ್ಸ್‌ಫರ್ಡ್‌ನಲ್ಲಿ ಡೆಲಿಗೇಟ್‌ಗಳ ಸಭೆ. ಅಲ್ಲಿ ಕೂರುವವರಲ್ಲಿ ಹೆಚ್ಚಿನವರು ನಿಮ್ಮ ವಿಷಯದವರಲ್ಲ. ಅಂದರೆ ಎಡಿಟರ್ ನಿಮ್ಮ ಪರವಾಗಿ ಮಾತಾಡಬೇಕಾದ ಗಳಿಗೆ ಒಂದು ಬರುತ್ತದೆ, ಆಗ ಅವರ ಬಾಯಲ್ಲಿ ನಿಲ್ಲುವಂಥ ಎರಡು ಮೂರು ವಾಕ್ಯಗಳನ್ನು ನೀವೇ ಬರೆದು ಕೊಟ್ಟಿರಬೇಕು. ಪ್ರಪೋಸಲ್‌ನ ಮೊದಲ ಪುಟದ ಕೆಲಸ ಅಷ್ಟೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೋಲಾರದ ಚಿನ್ನದ ಗಣಿಗಳ ಮೇಲೆ ಒಬ್ಬರು ಥೀಸಿಸ್ ಬರೆದಿದ್ದಾರೆ ಎಂದುಕೊಳ್ಳಿ. ಶೀರ್ಷಿಕೆ, 'ಕೋಲಾರ ಚಿನ್ನದ ಗಣಿ ಕಾರ್ಮಿಕರ ಸ್ಥಿತಿಗತಿ, 1880–1956: ಒಂದು ಅಧ್ಯಯನ'. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಹೋದವು. ಕಾಲದ ಚೌಕಟ್ಟು ಸರಿಯಾಗಿದೆ, ಆಕರಗಳೂ ಗಟ್ಟಿ. ಪ್ರಬಂಧ, ಅದರ ಲೇಖಕರು ಎರಡೂ ನಾವು ಕಟ್ಟಿಕೊಂಡದ್ದು, ಆದರೆ ಇದರಲ್ಲಿರುವ ದೋಷಗಳು ದಿನನಿತ್ಯ ಕಾಣುವಂಥವು.

ಮೊದಲು ವಾದ

ಆ ಪ್ರಪೋಸಲ್‌ನ ಮೊದಲ ಪ್ಯಾರಾ ಹೀಗಿದೆ:

"ಈ ಪುಸ್ತಕವು ಕೋಲಾರ ಚಿನ್ನದ ಗಣಿಗಳ ಕಾರ್ಮಿಕರ ವಸತಿ, ವೇತನ, ಆರೋಗ್ಯ ಮತ್ತು ಸಂಘಟನೆಗಳನ್ನು ಪರಿಶೀಲಿಸುತ್ತದೆ. ಈ ವಿಷಯದ ಬಗ್ಗೆ ಇದುವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ. ಈ ಕೊರತೆಯನ್ನು ತುಂಬುವುದರ ಜೊತೆಗೆ ವಸಾಹತುಶಾಹಿ ಕಾಲದ ಕಾರ್ಮಿಕ ಇತಿಹಾಸದ ಮೇಲೆ ಹೊಸ ಬೆಳಕು ಚೆಲ್ಲುತ್ತದೆ."

ಇದರಲ್ಲಿ ವಿಷಯ ಇದೆ, ವಾದ ಇಲ್ಲ. ಪರೀಕ್ಷೆ ಸುಲಭ: ಈ ಮಾತನ್ನು ಯಾರಾದರೂ ಅಲ್ಲಗಳೆಯಲು ಸಾಧ್ಯವೇ ಎಂದು ಕೇಳಿಕೊಳ್ಳಿ. 'ಪರಿಶೀಲಿಸುತ್ತದೆ' ಎಂಬುದನ್ನು ಯಾರು ಅಲ್ಲಗಳೆದಾರು? ಅಲ್ಲಗಳೆಯಲು ಬಾರದ ಮಾತು ವಾದವಾಗುವುದಿಲ್ಲ. ಇನ್ನು ಕೊರತೆ ತುಂಬುವ ಮಾತು. ಥೀಸಿಸ್‌ನಲ್ಲಿ ಅದು ಬೇಕು, ಏಕೆಂದರೆ ಹೊಸ ಕೆಲಸ ಮಾಡಿದ್ದೇವೆಂದು ಪರೀಕ್ಷಕರಿಗೆ ತೋರಿಸಬೇಕು. ಪ್ರೆಸ್‌ನ ಎಡಿಟರ್‌ಗೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ: ಇಷ್ಟು ದಿನ ಯಾರೂ ಬರೆಯಲಿಲ್ಲ ಎಂದರೆ ಯಾರಿಗೂ ಬೇಡವಾಗಿತ್ತೇನೋ ಎಂದು. ಮೇಲಾಗಿ ಕೋಲಾರದ ಕಾರ್ಮಿಕರ ಬಗ್ಗೆ ಒಳ್ಳೆಯ ಕೆಲಸ ಆಗಲೇ ನಡೆದಿದೆ. ವಿಮರ್ಶೆಗೆ ಕೂರುವವರಿಗೆ ಅದು ಗೊತ್ತಿರುತ್ತದೆ, 'ಸಮಗ್ರ ಅಧ್ಯಯನ ನಡೆದಿಲ್ಲ' ಎಂಬ ಸಾಲಿನಲ್ಲೇ ಅವರ ನಂಬಿಕೆ ಹೊರಟುಹೋಗುತ್ತದೆ.

ತಿದ್ದಲು ಕೂತಾಗ ಹಳೆಯ ಪ್ಯಾರಾವನ್ನು ಮುಂದಿಟ್ಟುಕೊಳ್ಳಬೇಡಿ. ಖಾಲಿ ಹಾಳೆಯಲ್ಲಿ ನಾಲ್ಕೇ ವಾಕ್ಯ ಬರೆಯಿರಿ. ಈ ವಿಷಯ ಬಲ್ಲವರು ಈಗ ಏನೆಂದು ತಿಳಿದಿದ್ದಾರೆ ಎಂಬುದು ಮೊದಲ ವಾಕ್ಯ. ನೀವು ಕಂಡುಕೊಂಡದ್ದು ಅದಕ್ಕಿಂತ ಹೇಗೆ ಬೇರೆ ಎಂಬುದು ಎರಡನೆಯದು. ಯಾವ ಆಕರದ ಬಲದಿಂದ ಹಾಗೆ ಹೇಳುತ್ತೀರಿ ಎಂಬುದು ಮೂರನೆಯದು. ಅದು ನಿಜವಾದರೆ ಕೋಲಾರದ ಆಚೆಗೂ ಇನ್ನೇನು ಬದಲಾಗುತ್ತದೆ ಎಂಬುದು ನಾಲ್ಕನೆಯದು. ಹೆಚ್ಚಿನವರು ಎರಡನೆಯದರಲ್ಲಿ ತಡವರಿಸುತ್ತಾರೆ. ಹಾಗಾದಾಗ ಥೀಸಿಸ್‌ನ ಕೊನೆಯ ಅಧ್ಯಾಯಕ್ಕೆ ಹೋಗಿ. ಬರೆಯುತ್ತಾ ಬರೆಯುತ್ತಾ ಕೊನೆಗೆ ಹೊಳೆದದ್ದು ಅಲ್ಲಿ ಎಲ್ಲೋ ಒಂದು ಪ್ಯಾರಾದ ನಡುವೆ ಕೂತಿರುತ್ತದೆ. ಅದನ್ನು ಎತ್ತಿ ಮೊದಲ ಪುಟಕ್ಕೆ ತರುವುದೇ ಎಷ್ಟೋ ಸಲ ಅರ್ಧ ಕೆಲಸ.

ನಮ್ಮ ಉದಾಹರಣೆಯಲ್ಲಿ ಹಾಗೆ ಹುಡುಕಿದಾಗ ಸಿಕ್ಕಿದ್ದು ಹೀಗೆ ಬೆಳೆಯಿತು ಎಂದುಕೊಳ್ಳಿ:

"ಗಣಿ ಕಂಪನಿಗಳು ಕಾರ್ಮಿಕರನ್ನು ಹಿಡಿತದಲ್ಲಿಟ್ಟುಕೊಂಡದ್ದು ಹೇಗೆ ಎಂದು ಕೇಳುವ ಇತಿಹಾಸಕಾರರು ಬಹುಮಟ್ಟಿಗೆ ನೆಲದ ಕೆಳಗೆ ನೋಡುತ್ತಾರೆ: ಕೂಲಿ, ಪಾಳಿ, ಮೇಸ್ತ್ರಿ. ಕೋಲಾರದಲ್ಲಿ ಬಿಗಿಯಾದ ಹಿಡಿತ ಇದ್ದದ್ದು ನೆಲದ ಮೇಲೆ, ಕಾರ್ಮಿಕರ ಮನೆಸಾಲುಗಳಾದ ಲೈನ್‌ಗಳಲ್ಲಿ ಎಂದು ಈ ಪುಸ್ತಕ ವಾದಿಸುತ್ತದೆ: ತಟ್ಟಿ ಮನೆ, ಕಂಪನಿಯ ನಲ್ಲಿ, ಗುರುತಿನ ಚೀಟಿ ಇವೇ ಅದರ ಸಾಧನಗಳು. ಕಂಪನಿಯ ವರದಿಗಳು, ಮೈಸೂರು ಸಂಸ್ಥಾನದ ಪೊಲೀಸ್ ಮತ್ತು ನೈರ್ಮಲ್ಯ ಕಡತಗಳು, ಲೈನ್‌ಗಳಲ್ಲಿ ಬೆಳೆದ 40 ಜನರ ಸಂದರ್ಶನಗಳನ್ನು ಒಟ್ಟಿಗೆ ಓದಿದಾಗ, 1930ರ ಮುಷ್ಕರ ಬೆರಳಚ್ಚಿನ ನೋಂದಣಿಯ ವಿರುದ್ಧ ಏಕೆ ಸಿಡಿಯಿತು ಎಂಬುದು ತಿಳಿಯುತ್ತದೆ. ಕಂಪನಿ ಊರುಗಳಲ್ಲಿ ಮನೆಯೇ ಕಾರ್ಖಾನೆಯ ಮುಂದುವರಿಕೆ ಎಂದಾದರೆ, ಮೈಸೂರಿನಂಥ 'ಮಾದರಿ' ಸಂಸ್ಥಾನ ತನ್ನ ಅಧಿಕಾರವನ್ನು ಯಾರಿಗೆ, ಎಷ್ಟು ಬಿಟ್ಟುಕೊಟ್ಟಿತ್ತು ಎಂಬ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತದೆ."

ಇದನ್ನು ಒಪ್ಪದಿರಲು ಜಾಗ ಇದೆ. ಕೂಲಿಯೇ ಮುಖ್ಯ ಎನ್ನುವವರು ಇದನ್ನು ಓದಿ ವಾದಕ್ಕೆ ಬರಬಹುದು, ಅವರು ಬರಲೇಬೇಕು. 'ತಟ್ಟಿ ಮನೆ, ನಲ್ಲಿ, ಚೀಟಿ' ಎಂಬ ಮೂರು ವಸ್ತುಗಳನ್ನೂ ಗಮನಿಸಿ. ಸಭೆಯಲ್ಲಿ ಗಣಿಯ ಗಂಧವೇ ಇಲ್ಲದ ರಸಾಯನಶಾಸ್ತ್ರದವರು ಕೂತಿದ್ದರೂ ಇವು ಅವರ ಕಣ್ಣಿಗೆ ಕಟ್ಟುತ್ತವೆ. 'ಸಾಮಾಜಿಕ ನಿಯಂತ್ರಣದ ಬಹುಮುಖಿ ಆಯಾಮಗಳು' ಎಂದು ಬರೆದಿದ್ದರೆ ಕಟ್ಟುತ್ತಿರಲಿಲ್ಲ.

ಇಲ್ಲಿ ಎದುರಾಗುವ ಅಪಾಯ ಇನ್ನೊಂದು. ವಾದ ಗಟ್ಟಿ ಮಾಡುವ ಉತ್ಸಾಹದಲ್ಲಿ ಆಕರಕ್ಕಿಂತ ದೊಡ್ಡ ಮಾತಾಡಿಬಿಡುವುದು. 'ಭಾರತದ ಕೈಗಾರಿಕಾ ಇತಿಹಾಸವನ್ನೇ ಈ ಪುಸ್ತಕ ಬದಲಿಸುತ್ತದೆ' ಎಂದರೆ ವಿಮರ್ಶಕರು ಝರಿಯಾದ ಕಲ್ಲಿದ್ದಲು ಗಣಿಗಳ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳುತ್ತಾರೆ, ಉತ್ತರ ನಿಮ್ಮಲ್ಲಿರುವುದಿಲ್ಲ. ನಾಲ್ಕನೆಯ ವಾಕ್ಯ ನಿಮ್ಮ ಆಕರ ಮುಟ್ಟುವಷ್ಟು ದೂರಕ್ಕೇ ಹೋಗಲಿ. ಮೈಸೂರು ಸಂಸ್ಥಾನದ ಕಡತ ಓದಿದ್ದೀರಿ, ಸಂಸ್ಥಾನದ ಬಗ್ಗೆ ಹೇಳಿ. ಓದದ ಕಡತದ ಬಗ್ಗೆ ಪ್ರಶ್ನೆ ಎತ್ತಬಹುದು, ತೀರ್ಪು ಕೊಡಬೇಡಿ.

ಓದುಗರು ಎಂದರೆ ಯಾರು

'ವಿದ್ಯಾರ್ಥಿಗಳು, ಸಂಶೋಧಕರು, ನೀತಿ ರೂಪಿಸುವವರು ಮತ್ತು ಸಾಮಾನ್ಯ ಓದುಗರು.' ಈ ಸಾಲು ಎಡಿಟರ್‌ಗಳ ಮೇಜಿಗೆ ಎಷ್ಟು ಬರುತ್ತದೆಂದರೆ ಅವರು ಅದನ್ನು ಓದದೆ ದಾಟುತ್ತಾರೆ. ಎಲ್ಲರಿಗೂ ಎಂದು ಬರೆದ ಪುಸ್ತಕವನ್ನು ಯಾರಿಗೆ ಮಾರಬೇಕೆಂದು ಮಾರಾಟದವರಿಗೆ ಗೊತ್ತಾಗುವುದಿಲ್ಲ. ಅಕಡೆಮಿಕ್ ಪುಸ್ತಕದ ಮೊದಲ ಮುದ್ರಣ ಎಷ್ಟೋ ಸಲ ಕೆಲವು ನೂರು ಪ್ರತಿಗಳನ್ನು ದಾಟುವುದಿಲ್ಲ, ಅದರಲ್ಲಿ ದೊಡ್ಡ ಪಾಲು ಗ್ರಂಥಾಲಯಗಳಿಗೆ ಹೋಗುತ್ತದೆ. ಆದ್ದರಿಂದ ಸಾವಿರಾರು ಓದುಗರಿದ್ದಾರೆಂದು ನಂಬಿಸಲು ಹೆಣಗಬೇಕಾಗಿಲ್ಲ. ಈ ಪುಸ್ತಕವಿಲ್ಲದೆ ಕೆಲಸ ನಡೆಯದ ಕೆಲವು ನೂರು ಜನ ಯಾರು ಎಂದು ನಿಖರವಾಗಿ ಹೇಳಿದರೆ ಸಾಕು.

ವಾದ ಸರಿಯಾಗಿದ್ದರೆ ಓದುಗರು ಅದರಿಂದಲೇ ಹುಟ್ಟುತ್ತಾರೆ. ನಾಲ್ಕು ವಾಕ್ಯಗಳನ್ನು ಮತ್ತೆ ನೋಡಿ. ಮೊದಲ ವಾಕ್ಯದಲ್ಲಿ ಯಾರ ತಿಳಿವಳಿಕೆಯನ್ನು ಪ್ರಶ್ನಿಸಿದಿರೋ ಅವರೇ ಒಳವೃತ್ತ: ಇಲ್ಲಿ ಆಧುನಿಕ ಭಾರತದ ಕಾರ್ಮಿಕ ಇತಿಹಾಸದವರು. ಇವರು ನಿಮ್ಮ ಪುಸ್ತಕವನ್ನು ಒಪ್ಪಲಿ ಬಿಡಲಿ, ಉಲ್ಲೇಖಿಸಲೇಬೇಕು. ನಾಲ್ಕನೆಯ ವಾಕ್ಯ ಯಾರ ಬಾಗಿಲು ತಟ್ಟುತ್ತದೋ ಅವರು ಎರಡನೆಯ ವೃತ್ತ: ದೇಶೀ ಸಂಸ್ಥಾನಗಳ ಇತಿಹಾಸಕಾರರು, ಮತ್ತು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಂಥ ಕಡೆ ಕಾರ್ಮಿಕರ ವಸತಿಯ ಬಗ್ಗೆ ಕೆಲಸ ಮಾಡುವವರು. ಇವರಿಗೆ ಇಡೀ ಪುಸ್ತಕ ಬೇಕಾಗಲಿಕ್ಕಿಲ್ಲ. ಯಾವ ಅಧ್ಯಾಯ ಬೇಕು ಎಂದು ಹೆಸರಿಸಿ.

ಮೂರನೆಯದು ತರಗತಿ. 'ಪಠ್ಯವಾಗಿ ಬಳಸಬಹುದು' ಎಂದು ಬರೆದರೆ ಸಾಲದು. ಎಂ.ಎ. ಇತಿಹಾಸದಲ್ಲಿ ಆಧುನಿಕ ಕರ್ನಾಟಕ ಅಥವಾ ಕಾರ್ಮಿಕ ಇತಿಹಾಸದ ಪತ್ರಿಕೆ ಇರುವ ನಾಲ್ಕೈದು ವಿಶ್ವವಿದ್ಯಾಲಯಗಳ ಪಠ್ಯಕ್ರಮ ತೆರೆದು ನೋಡಿ, ಪತ್ರಿಕೆಯ ಹೆಸರು ಮತ್ತು ಯಾವ ಘಟಕಕ್ಕೆ ನಿಮ್ಮ ಎಷ್ಟನೆಯ ಅಧ್ಯಾಯ ಹೊಂದುತ್ತದೆ ಎಂದು ಬರೆಯಿರಿ. ಒಂದು ಮಧ್ಯಾಹ್ನದ ಕೆಲಸ ಇದು. ಮಾಡುವವರು ಕಡಿಮೆ, ಆದ್ದರಿಂದಲೇ ಕಣ್ಣಿಗೆ ಬೀಳುತ್ತದೆ.

ಸಾಮಾನ್ಯ ಓದುಗರನ್ನು ಸೇರಿಸಬೇಕೇ ಬೇಡವೇ ಎಂಬುದು ಬೆಲೆಯ ಪ್ರಶ್ನೆ. ಗ್ರಂಥಾಲಯಕ್ಕೆಂದು ಬೆಲೆ ಕಟ್ಟಿದ ಗಟ್ಟಿ ರಟ್ಟಿನ ಪುಸ್ತಕವನ್ನು ಕೆ.ಜಿ.ಎಫ್.ನ ನಿವೃತ್ತ ಕಾರ್ಮಿಕರೊಬ್ಬರು ಕೊಳ್ಳುತ್ತಾರೆಂದು ಹೇಳಿದರೆ ಅದು ನಿಲ್ಲುವುದಿಲ್ಲ. ಆದರೆ ಆ ಊರಿನ ಜನರಿಗೂ ಕರ್ನಾಟಕದ ಓದುಗರಿಗೂ ಈ ಪುಸ್ತಕ ಮುಟ್ಟಬೇಕೆಂದು ನಿಮಗೆ ನಿಜವಾಗಿ ಅನಿಸಿದರೆ ದಾರಿ ಇದೆ: ಭಾರತದಲ್ಲಿ ಕಡಿಮೆ ಬೆಲೆಯ ಆವೃತ್ತಿ ಸಾಧ್ಯವೇ ಎಂದು ಕೇಳಿ. ಕನ್ನಡ ಮತ್ತು ತಮಿಳು ಅನುವಾದದ ಹಕ್ಕು ಯಾರ ಬಳಿ ಇರಬೇಕೆಂಬುದನ್ನು ಒಪ್ಪಂದದ ಹೊತ್ತಿಗೆ ಮಾತಾಡಲು ಗುರುತು ಹಾಕಿಕೊಳ್ಳಿ. ಸಹಿ ಹಾಕಿದ ಮೇಲೆ ಕೇಳುವುದು ಕಷ್ಟ.

ಇದೇ ಭಾಗಕ್ಕೆ ಅಂಟಿಕೊಂಡದ್ದು ಹೋಲಿಕೆಯ ಪುಸ್ತಕಗಳ ಪಟ್ಟಿ. ನಾಲ್ಕರಿಂದ ಆರು ಸಾಕು, ಆದಷ್ಟೂ ಕಳೆದ ಹತ್ತು ಹದಿನೈದು ವರ್ಷಗಳವು, ಒಂದೆರಡಾದರೂ ನೀವು ಕಳಿಸುತ್ತಿರುವ ಪ್ರೆಸ್‌ನವೇ ಇದ್ದರೆ ಒಳ್ಳೆಯದು. ಒಂದೊಂದಕ್ಕೂ ಎರಡೇ ವಾಕ್ಯ: ಅದು ಏನನ್ನು ಸಾಧಿಸಿತು, ನಿಮ್ಮದು ಅಲ್ಲಿಂದ ಎಲ್ಲಿಗೆ ಹೋಗುತ್ತದೆ. ಇಲ್ಲಿ ಹಿಂದಿನ ಪುಸ್ತಕಗಳನ್ನು ತೆಗಳುವವರಿದ್ದಾರೆ. ಎಡಿಟರ್ ವಿಮರ್ಶಕರನ್ನು ಹುಡುಕುವಾಗ ಮೊದಲು ನೋಡುವುದು ಈ ಪಟ್ಟಿಯನ್ನೇ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ನೀವು 'ಮೇಲ್ನೋಟದ ಅಧ್ಯಯನ' ಎಂದು ಕರೆದ ಪುಸ್ತಕದ ಲೇಖಕರ ಕೈಗೇ ನಿಮ್ಮ ಪ್ರಪೋಸಲ್ ಹೋಗಬಹುದು.

ಅಧ್ಯಾಯಗಳ ಪಟ್ಟಿ

ನಮ್ಮ ಥೀಸಿಸ್‌ನಲ್ಲಿ ಏಳು ಅಧ್ಯಾಯಗಳಿದ್ದವು: ಪೀಠಿಕೆ, ಸಾಹಿತ್ಯ ಸಮೀಕ್ಷೆ ಮತ್ತು ಸಂಶೋಧನಾ ವಿಧಾನ, ವಸತಿ, ವೇತನ, ಆರೋಗ್ಯ, ಸಂಘಟನೆ, ಉಪಸಂಹಾರ. ಹೀಗಿರುವ ಪಟ್ಟಿಗೆ ಒಂದು ಪರೀಕ್ಷೆ ಮಾಡಿ. ಒಳ ಅಧ್ಯಾಯಗಳ ಶೀರ್ಷಿಕೆಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲೆಸಿ, ನಿಮ್ಮ ವಿಷಯ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಗೆ ಜೋಡಿಸಲು ಕೊಡಿ. ವಸತಿ, ವೇತನ, ಆರೋಗ್ಯ, ಸಂಘಟನೆ ಇವನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ನಡೆಯುತ್ತದೆ. ಹಾಗೆ ನಡೆದರೆ ಅದು ಕಡತಗಳ ಕಪಾಟು, ಪುಸ್ತಕವಲ್ಲ. ವಾದ ಮೆಟ್ಟಿಲು ಹತ್ತುತ್ತಿದ್ದರೆ ಒಂದು ಚೀಟಿ ಹಿಂದುಮುಂದಾದರೂ ಎಡವುತ್ತದೆ.

ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಪೂರ್ತಿ ತೆಗೆಯಿರಿ. ಅದರಲ್ಲಿ ವಾದಕ್ಕೆ ಬೇಕಾದ ಎರಡು ಮೂರು ಪುಟ ಪೀಠಿಕೆಗೆ ಹೋಗಲಿ, ಉಳಿದದ್ದು ಆಯಾ ಅಧ್ಯಾಯದ ಟಿಪ್ಪಣಿಗಳಲ್ಲಿ ಕರಗಲಿ. ವಿಧಾನದ ಮಾತು ಅದು ಕೆಲಸಕ್ಕೆ ಬರುವ ಜಾಗದಲ್ಲಿ ಬರಲಿ: ಪೊಲೀಸ್ ಕಡತವನ್ನು ಕಾರ್ಮಿಕರ ಮಾತಿನ ಎದುರಿಗಿಟ್ಟು ಓದುವುದು ಹೇಗೆ ಎಂಬುದು ಮುಷ್ಕರದ ಅಧ್ಯಾಯದಲ್ಲಿ.

ವಿಷಯವಾರು ಅಧ್ಯಾಯಗಳನ್ನು ಒಡೆದು ವಾದದ ಹೆಜ್ಜೆಗಳಾಗಿ ಕಟ್ಟುವುದು ಇದರಲ್ಲಿ ಕಷ್ಟದ ಭಾಗ. ಪ್ರತಿ ಅಧ್ಯಾಯಕ್ಕೂ ಒಂದು ವಾಕ್ಯ ಬರೆಯಿರಿ. ಶೀರ್ಷಿಕೆಯಲ್ಲ, ಪ್ರತಿಪಾದನೆ. ನಮ್ಮ ಉದಾಹರಣೆಯಲ್ಲಿ ಅವು ಹೀಗಾಗಬಹುದು. ಸಂಸ್ಥಾನವು ನೆಲವನ್ನಷ್ಟೇ ಅಲ್ಲ, ನೆಲದ ಮೇಲಿನ ಆಡಳಿತದ ಒಂದು ಪಾಲನ್ನೂ ಕಂಪನಿಗೆ ಬಿಟ್ಟುಕೊಟ್ಟಿತು. ಆ ಅಧಿಕಾರವನ್ನು ಕಂಪನಿ ತಟ್ಟಿ ಮನೆಗಳ ಸಾಲುಗಳಾಗಿ ನೆಲಕ್ಕಿಳಿಸಿತು. ನೀರು ಮತ್ತು ನೈರ್ಮಲ್ಯದ ಹೆಸರಿನಲ್ಲಿ ಮನೆಯೊಳಗಿನ ಬದುಕೂ ತಪಾಸಣೆಗೆ ಒಳಪಟ್ಟಿತು. ಚಿನ್ನದ ಕಳವಿನ ಭಯ ಆ ತಪಾಸಣೆಗೆ ಪೊಲೀಸರನ್ನು ಕರೆತಂದಿತು, ಗುರುತಿನ ಚೀಟಿ ಬಂತು. 1930ರಲ್ಲಿ ಆ ಕಾಗದವೇ ಮುಷ್ಕರದ ಕೇಂದ್ರವಾಯಿತು. ಐದು ವಾಕ್ಯಗಳ ನಡುವೆ 'ಆದ್ದರಿಂದ' ಅಥವಾ 'ಆದರೆ' ಹಾಕಿ ಓದಿ. ಹೊಂದಿದರೆ ಸರಿ. 'ಅಲ್ಲದೆ' ಎಂದಷ್ಟೇ ಹಾಕಲು ಬರುವ ಜಾಗದಲ್ಲಿ ಕೊಂಡಿ ಕಳಚಿದೆ ಎಂದು ತಿಳಿಯಿರಿ.

ಇಲ್ಲಿ ವೇತನದ ಅಧ್ಯಾಯ ಕಾಣುತ್ತಿಲ್ಲ. ಅದಕ್ಕೆ ಎರಡು ವರ್ಷ ಬೆವರು ಸುರಿಸಿ ಕೋಷ್ಟಕಗಳನ್ನು ತಯಾರಿಸಿರುತ್ತೀರಿ, ಬಿಡಲು ಮನಸ್ಸು ಬರುವುದಿಲ್ಲ. ಆದರೂ ಬಿಡಬೇಕು. ಅದರಲ್ಲಿನ ಬಾಡಿಗೆ ಕಡಿತದ ಲೆಕ್ಕ ಎರಡನೆಯ ಅಧ್ಯಾಯಕ್ಕೆ ಬರಲಿ, ಉಳಿದದ್ದು ಪತ್ರಿಕೆಯೊಂದಕ್ಕೆ ಲೇಖನವಾಗಲಿ.

ಇನ್ನು ಅಧ್ಯಾಯದ ಸಾರಾಂಶ. ಒಂದಕ್ಕೆ ಇಂಗ್ಲಿಷ್‌ನಲ್ಲಿ 200ರಿಂದ 300 ಪದ ಸಾಕು. 'ಈ ಅಧ್ಯಾಯದಲ್ಲಿ ನೀರಿನ ಪೂರೈಕೆ, ಶೌಚಾಲಯ ಮತ್ತು ಸಾಂಕ್ರಾಮಿಕ ರೋಗಗಳನ್ನು ಚರ್ಚಿಸಲಾಗಿದೆ' ಎಂದು ಶುರುವಾದ ಸಾರಾಂಶ ಪರಿವಿಡಿಯನ್ನೇ ಉದ್ದ ಮಾಡಿದಂತೆ. ಅದರ ಬದಲು ಪ್ರತಿಪಾದನೆಯಿಂದ ಶುರುಮಾಡಿ: 'ನಲ್ಲಿ ಬಂದದ್ದರಿಂದ ಲೈನ್‌ಗಳಿಗೆ ನೀರಷ್ಟೇ ಬರಲಿಲ್ಲ, ನಲ್ಲಿಯ ಹಿಂದೆ ಇನ್‌ಸ್ಪೆಕ್ಟರ್ ಕೂಡ ಬಂದ.' ಆಮೇಲೆ ಅದನ್ನು ತೋರಿಸುವ ಒಂದೇ ಒಂದು ಆಕರವನ್ನು ಹತ್ತಿರದಿಂದ ತೋರಿಸಿ, ಒಂದು ದಾಖಲೆಯೋ ಒಂದು ಸಂದರ್ಶನದ ಮಾತೋ. ಕೊನೆಯ ವಾಕ್ಯ ಮುಂದಿನ ಅಧ್ಯಾಯಕ್ಕೆ ಏನು ಉಳಿಯಿತು ಎಂದು ಹೇಳಲಿ. ಎಲ್ಲ ಸಾರಾಂಶಗಳ ಮೊದಲ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಇಟ್ಟು ಓದಿದರೆ ಮೊದಲ ಪುಟದ ವಾದವೇ ಹಿಗ್ಗಿ ಬಂದಂತೆ ಇರಬೇಕು.

ಪದಗಳ ಲೆಕ್ಕವನ್ನೂ ಕೊಡಿ, ಕೂಡಿಸಿದರೆ ತಾಳೆಯಾಗಬೇಕು. ಪೀಠಿಕೆ 9,000, ಐದು ಅಧ್ಯಾಯ ತಲಾ 13,000ದಂತೆ 65,000, ಉಪಸಂಹಾರ 5,000, ಟಿಪ್ಪಣಿ ಮತ್ತು ಗ್ರಂಥಸೂಚಿ 16,000, ಒಟ್ಟು 95,000. ಬಹಳಷ್ಟು ಪ್ರೆಸ್‌ಗಳು ಮೊದಲ ಪುಸ್ತಕಕ್ಕೆ ಟಿಪ್ಪಣಿ ಸೇರಿ 80,000ದಿಂದ 1,00,000 ಪದಗಳ ನಡುವೆ ಇರಲೆಂದು ಬಯಸುತ್ತವೆ. ಟಿಪ್ಪಣಿಗಳನ್ನು ಲೆಕ್ಕಕ್ಕೆ ಹಿಡಿಯದೆ 95,000 ಎಂದು ಬರೆದು, ಹಸ್ತಪ್ರತಿ ಬಂದಾಗ 1,20,000 ಆದರೆ ಪುಟ ಹೆಚ್ಚುತ್ತದೆ, ಬೆಲೆ ಏರುತ್ತದೆ, ಕತ್ತರಿಸಿ ಎಂಬ ಪತ್ರ ಬರುತ್ತದೆ.

ಥೀಸಿಸ್‌ಗೂ ಪುಸ್ತಕಕ್ಕೂ ಎಷ್ಟು ಅಂತರ

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇರುತ್ತವೆ. ಎಡಿಟರ್ ಕೇಳದಿದ್ದರೂ ಹುಡುಕಿ ನೋಡುತ್ತಾರೆ. ಆದ್ದರಿಂದ ಮುಚ್ಚಿಡುವ ಯೋಚನೆ ಬೇಡ, ಪ್ರಪೋಸಲ್‌ನಲ್ಲೇ ಒಂದು ಪ್ಯಾರಾ ಬರೆಯಿರಿ. 'ಸಾಕಷ್ಟು ಪರಿಷ್ಕರಿಸಲಾಗಿದೆ' ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಒಂದು ಮತ್ತು ನಾಲ್ಕನೆಯ ಅಧ್ಯಾಯ ಹೊಸದಾಗಿ ಬರೆದವು, ಎರಡು ಮತ್ತು ಮೂರನ್ನು ಥೀಸಿಸ್‌ನ ವಸತಿ, ಆರೋಗ್ಯದ ಅಧ್ಯಾಯಗಳಿಂದ ಮರುಕಟ್ಟಲಾಗಿದೆ, ವೇತನದ ಅಧ್ಯಾಯ ಇಲ್ಲ, ಸಂದರ್ಶನಗಳು ಥೀಸಿಸ್ ನಂತರದವು ಎಂದು ಬಿಡಿಸಿ ಹೇಳಿ. ಯಾವುದಾದರೂ ಭಾಗ ಪತ್ರಿಕೆಯಲ್ಲಿ ಲೇಖನವಾಗಿ ಬಂದಿದ್ದರೆ ಅದನ್ನೂ ಇಲ್ಲೇ ಹೇಳಿ.

ಕಳಿಸುವ ಮುನ್ನ, ಕಳಿಸಿದ ಮೇಲೆ

ಮಾದರಿ ಅಧ್ಯಾಯವಾಗಿ ಪೀಠಿಕೆಯೊಂದನ್ನೇ ಕಳಿಸಬೇಡಿ. ಪೀಠಿಕೆಯಲ್ಲಿ ಮಾತು ಕೊಡುತ್ತೀರಿ, ಆ ಮಾತು ನಡೆಸಿಕೊಳ್ಳುವುದು ಒಳ ಅಧ್ಯಾಯದಲ್ಲಿ. ಇಲ್ಲಿ ಮೂರನೆಯದೋ ಐದನೆಯದೋ ಸೂಕ್ತ. ಸಾರಾಂಶದಲ್ಲಿ ಹೇಳಿದ ಪ್ರತಿಪಾದನೆ ಆ ಅಧ್ಯಾಯದ ಮೊದಲ ಮೂರು ಪುಟಗಳೊಳಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಪ್ರಪೋಸಲ್ ತಿದ್ದಿ ಮಾದರಿ ಅಧ್ಯಾಯವನ್ನು ಹಾಗೇ ಬಿಡುವುದು ಬಹಳ ಸಲ ಆಗುತ್ತದೆ, ಆಗ ವಿಮರ್ಶಕರ ಕೈಯಲ್ಲಿ ಎರಡು ಬೇರೆ ಬೇರೆ ಪುಸ್ತಕಗಳಿರುತ್ತವೆ.

ಪ್ರಪೋಸಲನ್ನು ಒಂದಕ್ಕಿಂತ ಹೆಚ್ಚು ಪ್ರೆಸ್‌ಗೆ ಏಕಕಾಲಕ್ಕೆ ಕಳಿಸುವುದನ್ನು ಎಷ್ಟೋ ಎಡಿಟರ್‌ಗಳು ಒಪ್ಪುತ್ತಾರೆ, ಆದರೆ ಪತ್ರದಲ್ಲೇ ತಿಳಿಸಬೇಕು. ಪೂರ್ತಿ ಹಸ್ತಪ್ರತಿಯನ್ನು ಒಬ್ಬರಿಗೆ ವಿಮರ್ಶೆಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡುವಂತಿಲ್ಲ.

ಇಬ್ಬರು ವಿಮರ್ಶಕರ ವರದಿ ಬಂದಾಗ ಅವು ಒಂದಕ್ಕೊಂದು ವಿರುದ್ಧವಾಗಿರುವುದು ಅಪರೂಪವಲ್ಲ. ಒಬ್ಬರು ದಕ್ಷಿಣ ಆಫ್ರಿಕಾದ ಹೋಲಿಕೆ ಹೆಚ್ಚಿಸಿ ಎನ್ನುತ್ತಾರೆ, ಇನ್ನೊಬ್ಬರು ತೆಗೆದುಹಾಕಿ ಎನ್ನುತ್ತಾರೆ. ಇಬ್ಬರನ್ನೂ ಮೆಚ್ಚಿಸಲು ಹೋದರೆ ಹೋಲಿಕೆ ಅರೆಬರೆಯಾಗಿ ಉಳಿಯುತ್ತದೆ. ಎಡಿಟರ್‌ಗೆ ಬರೆಯುವ ಎರಡು ಮೂರು ಪುಟದ ಉತ್ತರದಲ್ಲಿ ಪ್ರತಿ ಸಲಹೆಗೂ ಒಪ್ಪಿದೆ ಅಥವಾ ಒಪ್ಪಲಿಲ್ಲ ಎಂದು ಕಾರಣ ಸಮೇತ ಹೇಳಿ, ಆ ಕಾರಣ ನಾಲ್ಕು ವಾಕ್ಯದ ವಾದದಿಂದಲೇ ಬರಲಿ. ಉದಾಹರಣೆಗೆ: ಈ ಪುಸ್ತಕದ ಪ್ರಶ್ನೆ ಸಂಸ್ಥಾನದ ಅಧಿಕಾರದ ಬಗ್ಗೆ, ಆದ್ದರಿಂದ ಹೋಲಿಕೆಯನ್ನು ಎರಡನೆಯ ಅಧ್ಯಾಯದ ನಾಲ್ಕು ಪುಟಗಳಿಗೆ ಸೀಮಿತಗೊಳಿಸುತ್ತೇನೆ, ಅಲ್ಲಿ ವಸತಿಯ ನಕ್ಷೆಗಳನ್ನು ಎದುರುಬದುರು ಇಡುತ್ತೇನೆ, ತಿದ್ದಲು ಎಂಟು ವಾರ ಬೇಕು. ಸಮಿತಿಯ ಸಭೆಗೆ ವಿಮರ್ಶೆಗಳ ಜೊತೆ ನಿಮ್ಮ ಈ ಉತ್ತರವೂ ಹೋಗುತ್ತದೆ.